ಪ್ರೊಸೆಸ್ಸೇ ಸತ್ತ ಮೇಲೆ ರೋಲ್‌ಬ್ಯಾಕ್ ಮಾಡೋದು ಯಾರು?

ಅರ್ಧರಾತ್ರಿ ಕೋಡರ್

ಎರಡು ದಿನದಿಂದ ತಲೆ ಕೊರೀತಿದೆ, ಗೊತ್ತಿರೋರು ಬಿಡಿಸಿ ಹೇಳಿ. ಕಲಿಯೋಕೆ ಅಂತ ಚಿಕ್ಕದೊಂದು ಬ್ಯಾಂಕ್ ಪ್ರಾಜೆಕ್ಟ್ ಮಾಡ್ತಿದೀನಿ, ಡೇಟಾಬೇಸ್ PostgreSQL. 101ನೇ ಖಾತೇಲಿ 9000 ಇದೆ, 202ರಲ್ಲಿ 1500. ಅಲ್ಲಿಂದ ಇಲ್ಲಿಗೆ 2000 ಕಳಿಸ್ಬೇಕು.

```
BEGIN;
UPDATE accounts SET balance = balance - 2000 WHERE id = 101;
UPDATE accounts SET balance = balance + 2000 WHERE id = 202;
COMMIT;
```

ಆದ್ರೆ ಎರಡೂ ಆಗ್ಬೇಕು ಇಲ್ಲಾಂದ್ರೆ ಎರಡೂ ಆಗ್ಬಾರ್ದು ಅನ್ನೋದು ಗೊತ್ತು. ಅದು ನಿಜಾನಾ ನೋಡೋಣ ಅಂತ ಮೊದಲನೇ UPDATE ಹೊಡೆದು, ಎರಡನೇದಕ್ಕೆ ಮುಂಚೆ ಸರ್ವರ್ ಪ್ರೊಸೆಸ್‌ಗಳನ್ನೆಲ್ಲ `kill -9` ಮಾಡ್ಬಿಟ್ಟೆ. ಮತ್ತೆ ಸ್ಟಾರ್ಟ್ ಮಾಡಿ ನೋಡಿದ್ರೆ 101ರಲ್ಲಿ 9000 ಹಾಗೇ ಇದೆ. ಖುಷಿ ಆಯ್ತು, ಆದ್ರೆ ಅರ್ಥ ಆಗ್ಲಿಲ್ಲ. ರೋಲ್‌ಬ್ಯಾಕ್ ಅಂದ್ರೆ ಕಳೆದ 2000ನ ವಾಪಸ್ ಕೂಡಿಸೋದು ಅಲ್ವಾ? ಕೂಡಿಸ್ಬೇಕಾದವನೇ ಸತ್ತು ಬಿದ್ದಿದಾನಲ್ಲ, ಮತ್ತೆ ಕೂಡಿಸಿದ್ದು ಯಾರು?

ಇನ್ನೊಂದು, ಇದು ನಿಜವಾದ ತಲೆನೋವು. ನನ್ನ ಪ್ರೋಗ್ರಾಂ ರಾತ್ರಿಯೆಲ್ಲ ಓಡಿಸಿದ್ದೆ, ಬೆಳಿಗ್ಗೆ ನೋಡಿದ್ರೆ ಎಲ್ಲ ಖಾತೆ ಕೂಡಿದಾಗ ಬರ್ಬೇಕಾದ ಮೊತ್ತಕ್ಕಿಂತ ಸರಿಯಾಗಿ 2000 ಕಮ್ಮಿ ಬರ್ತಿದೆ. BEGIN ಇದೆ, COMMIT ಇದೆ, ಎಲ್ಲೂ ಎರರ್ ಇಲ್ಲ.

ಬೈಟು

ಸಿಂಪಲ್ ಗುರು. COMMIT ಕೊಡೋವರೆಗೂ ಎಲ್ಲ ಮೆಮೊರಿಲೇ ಇರುತ್ತೆ, COMMIT ಕೊಟ್ಟಾಗ ಒಂದೇ ಸಲಕ್ಕೆ ಡಿಸ್ಕ್‌ಗೆ ಬರೆಯುತ್ತೆ. ನೀನು ಅದಕ್ಕೆ ಮುಂಚೆ ಕೊಂದೆ, ಮೆಮೊರಿ ಹೋಯ್ತು, ಡಿಸ್ಕ್‌ನಲ್ಲಿ 9000 ಇತ್ತು ಅದೇ ಬಂತು. ರೋಲ್‌ಬ್ಯಾಕ್ ಯಾರೂ ಮಾಡ್ಲಿಲ್ಲ.

ಶಂಕೆ

ಒಂದೇ ಸಲಕ್ಕೆ ಅಂದ್ರೆ ಹೇಗೆ? ಎರಡು ಸಾಲು ಫೈಲ್‌ನ ಎರಡು ಬೇರೆ ಜಾಗದಲ್ಲಿ ಇರುತ್ತೆ. ಒಂದು ಬರೆದು ಇನ್ನೊಂದು ಬರೆಯೋ ಹೊತ್ತಿಗೆ ಕರೆಂಟ್ ಹೋದ್ರೆ? ಪ್ರಶ್ನೆ ಹೋಗಿ ಇನ್ನೊಂದು ಕಡೆ ಕೂತ್ಕೊಂಡಿತು ಅಷ್ಟೆ, ಉತ್ತರ ಎಲ್ಲಿ ಸಿಕ್ತು.

ಗಂಗಾಧರ ಗ್ರಾಹಕ

ನನಗೂ ಇದೇ ಆಗಿತ್ತು!! ಒಬ್ರಿಗೆ ದುಡ್ಡು ಕಳಿಸ್ದೆ, ನನ್ನ ಖಾತೇಲಿ ಕಟ್ ಆಯ್ತು, ಅವರಿಗೆ ಹೋಗ್ಲಿಲ್ಲ, ಮೂರು ದಿನ ಆದ್ಮೇಲೆ ವಾಪಸ್ ಬಂತು. ಈ ಟ್ರಾನ್ಸಾಕ್ಷನ್ ಗಿನ್ಸಾಕ್ಷನ್ ಎಲ್ಲ ಇದ್ದಿದ್ರೆ ಮೂರು ದಿನ ಯಾಕೆ ಬೇಕಿತ್ತು? ಬ್ಯಾಂಕ್‌ನೋರೇ ಇದನ್ನ ಹಾಕ್ಕೊಂಡಿಲ್ಲ ಅನ್ಸುತ್ತೆ.

ಹಳೇ ಸರ್ವರ್

ಬೈಟು ಹೇಳಿದ್ರಲ್ಲಿ ಕೊನೇ ಮಾತು ಸರಿ, ಮೊದಲೆರಡು ತಪ್ಪು. ಶಂಕೆ ಕೇಳಿದ್ದೇ ಸರಿಯಾದ ಪ್ರಶ್ನೆ.

COMMITಗೆ ಮುಂಚೆನೂ ಬದಲಾದ ಸಾಲು ಡಿಸ್ಕ್‌ಗೆ ಹೋಗ್ಬಹುದು, ಮೆಮೊರಿ ಸಾಲದೇ ಬಂದ್ರೆ ಡೇಟಾಬೇಸ್ ಆ ಪುಟವನ್ನ ಹೊರಗೆ ತಳ್ಳುತ್ತೆ. COMMIT ಆದ್ಮೇಲೂ ಟೇಬಲ್ ಫೈಲ್‌ಗೆ ಇನ್ನೂ ಏನೂ ಹೋಗದೇ ಇರ್ಬಹುದು. ಅಂದ್ರೆ ಟೇಬಲ್ ಫೈಲ್‌ನಲ್ಲಿ ಏನಿದೆ ಅನ್ನೋದನ್ನ ನೋಡಿ ವ್ಯವಹಾರ ಮುಗೀತಾ ಇಲ್ವಾ ಅಂತ ಹೇಳೋಕೇ ಆಗಲ್ಲ. ಅದನ್ನ ಹೇಳೋದು ಬೇರೆ ಒಂದು ಫೈಲ್, ಲಾಗ್. ಪೋಸ್ಟ್‌ಗ್ರೆಸ್‌ನಲ್ಲಿ `pg_wal` ಅನ್ನೋ ಫೋಲ್ಡರ್ ಇದೆ ನೋಡಿ, ಅದು. ಟೇಬಲ್ ಪುಟ ಡಿಸ್ಕ್‌ಗೆ ಹೋಗೋಕೆ ಮುಂಚೆ ಅದರ ಬದಲಾವಣೆಯ ಬರಹ ಲಾಗ್‌ನಲ್ಲಿ ಡಿಸ್ಕ್ ಸೇರಿರ್ಬೇಕು, ಇದು ಮುರಿಯೋ ಹಾಗಿಲ್ಲದ ನಿಯಮ.

ನಿಮ್ಮ ಟ್ರಾನ್ಸಾಕ್ಷನ್ ನಂಬರ್ 741 ಅಂತಿಟ್ಕೊಳ್ಳಿ. ಲಾಗ್‌ನ ಕೊನೇಲಿ ಒಂದರ ಹಿಂದೆ ಒಂದು ಮೂರು ಸಾಲು ಬೀಳುತ್ತೆ. 741, ಖಾತೆ 101ಕ್ಕೆ ಹೊಸ ಸಾಲು 7000. 741, ಖಾತೆ 202ಕ್ಕೆ ಹೊಸ ಸಾಲು 3500. 741 ಮುಗೀತು. ಇಡೀ ಆಟ ಇರೋದು ಆ ಮೂರನೇ ಸಾಲಲ್ಲಿ. ಅದು ಡಿಸ್ಕ್‌ನಲ್ಲಿ ಗಟ್ಟಿಯಾಗಿ ಕೂತಿದ್ರೆ 741 ಆಗಿದೆ, ಇಲ್ಲಾಂದ್ರೆ ಆಗಿಲ್ಲ. ನಡುವಿನ ಸ್ಥಿತಿ ಅಂತ ಒಂದಿಲ್ಲ. ಮೊದಲ ಸಾಲು ಬಿದ್ಮೇಲೆ ಸತ್ರೂ ಆಗಿಲ್ಲ, ಎರಡೂ ಬಿದ್ದು ಮೂರನೇದು ಬೀಳದೇ ಸತ್ರೂ ಆಗಿಲ್ಲ. ಮೂರನೇದು ಬಿದ್ದು ಟೇಬಲ್ ಫೈಲ್ ಮುಟ್ಟೋಕೆ ಮುಂಚೆ ಸತ್ರೆ ಆಗಿದೆ, ಸ್ಟಾರ್ಟ್ ಆಗುವಾಗ ಲಾಗ್ ಓದ್ಕೊಂಡು 7000 ಮತ್ತೆ 3500 ಎರಡನ್ನೂ ಟೇಬಲ್‌ಗೆ ಹಾಕುತ್ತೆ.

ಎರಡು ಬದಲಾವಣೆಯನ್ನ ಒಂದೇ ಕ್ಷಣದಲ್ಲಿ ಬರೆಯೋಕೆ ಯಾವ ಡಿಸ್ಕ್‌ಗೂ ಬರಲ್ಲ. ಅದಕ್ಕೇ ಆ ಕಷ್ಟವನ್ನ ಒಂದೇ ಚಿಕ್ಕ ಬರಹಕ್ಕೆ ಇಳಿಸಿದಾರೆ.

ಶಂಕೆ

ಆ ಮೂರನೇ ಸಾಲೇ ಅರ್ಧ ಬರೆದಾಗ ಕರೆಂಟ್ ಹೋದ್ರೆ? ಸುಮ್ನೆ ಕಾಲೆಳೀತಿಲ್ಲ ಸರ್, ನಿಜವಾಗ್ಲೂ ಕೇಳ್ತಿದೀನಿ.

ಹಳೇ ಸರ್ವರ್

ಒಳ್ಳೇ ಪ್ರಶ್ನೆ. ಲಾಗ್‌ನ ಪ್ರತಿ ಬರಹದ ಜೊತೆ ಅದರದ್ದೇ ಒಂದು ಚೆಕ್‌ಸಮ್ ಇರುತ್ತೆ. ಓದುವಾಗ ಲೆಕ್ಕ ತಾಳೆ ಆಗ್ಲಿಲ್ಲ ಅಂದ್ರೆ ಲಾಗ್ ಅಲ್ಲಿಗೇ ಮುಗೀತು ಅಂತ ತಗೊಳ್ಳುತ್ತೆ. ಹಾಗಾಗಿ ಅರ್ಧ ಬರೆದಿದ್ದು ಬರೀದೇ ಇದ್ದ ಹಾಗೇ.

ಅರ್ಧರಾತ್ರಿ ಕೋಡರ್

ಸರಿ, ಆದ್ರೆ 7000 ಅನ್ನೋದು ಟೇಬಲ್ ಫೈಲ್‌ಗೇ ಹೋಗಿರ್ಬಹುದು ಅಂದ್ರಲ್ಲ. 741 ಆಗಿಲ್ಲ ಅಂತ ಗೊತ್ತಾದ ಮೇಲೆ ಅದನ್ನ ಅಳಿಸಿ 9000 ಬರೀಬೇಕಲ್ವಾ ಯಾರಾದ್ರೂ?

ಹಳೇ ಸರ್ವರ್

ಪೋಸ್ಟ್‌ಗ್ರೆಸ್ 9000ನ ಮುಟ್ಟೇ ಇಲ್ಲ. UPDATE ಅಂದ್ರೆ ಅಲ್ಲಿ ಹಳೇ ಸಾಲನ್ನ ಹಾಗೇ ಬಿಟ್ಟು ಪಕ್ಕದಲ್ಲಿ ಹೊಸ ಸಾಲು ಬರೆಯೋದು. ಹಳೇದರ ಮೇಲೆ "741 ಇದನ್ನ ತೆಗೆದ", ಹೊಸದರ ಮೇಲೆ "741 ಇದನ್ನ ಹಾಕ್ದ" ಅಂತ ಗುರುತು. ಓದೋಕೆ ಬಂದವರು 741 ಮುಗಿಸಿದ್ನಾ ಅಂತ ನೋಡ್ತಾರೆ. ಮುಗಿಸಿಲ್ಲ ಅಂದ್ರೆ ಹೊಸ ಸಾಲು ಕಣ್ಣಿಗೇ ಬೀಳಲ್ಲ, ಹಳೇದೇ ಜಾರಿಲಿರುತ್ತೆ. ಯಾರೂ ಏನೂ ಕೂಡಿಸ್ಬೇಕಾಗಿಲ್ಲ. ಆ ಸತ್ತ ಸಾಲು ಕಸ, ಆಮೇಲೆ ಯಾವಾಗ್ಲಾದ್ರೂ VACUUM ಬಂದು ಗುಡಿಸುತ್ತೆ.

ನಂಬಿಕೆ ಬರ್ಲಿಲ್ಲ ಅಂದ್ರೆ ನೀವೇ ನೋಡಿ. BEGIN, ಮೊದಲ UPDATE, ಆಮೇಲೆ ROLLBACK ಕೊಟ್ಟು ಇದನ್ನ ಹೊಡೀರಿ:

```
SELECT xmin, xmax, balance FROM accounts WHERE id = 101;
```

ಜಾಲಿ ಮುಳ್ಳು

ಎಲ್ಲ ಡೇಟಾಬೇಸೂ ಹೀಗೇ ಅಲ್ಲ ಅಂತ ಒಂದು ಮಾತು ಸೇರ್ಸ್ಕೊಳ್ಳಿ. MySQLನ InnoDBಲಿ ಸಾಲನ್ನ ಇದ್ದ ಜಾಗದಲ್ಲೇ ತಿದ್ದಿ ಹಳೇ ಬೆಲೆಯನ್ನ ಅನ್‌ಡೂ ಲಾಗ್‌ನಲ್ಲಿ ಇಟ್ಕೊಳ್ಳುತ್ತೆ, ಸತ್ತು ಎದ್ದ ಮೇಲೆ ಮೊದಲು ಲಾಗ್‌ನಲ್ಲಿದ್ದಿದ್ದನ್ನೆಲ್ಲ ಮತ್ತೆ ಹಾಕಿ, ಆಮೇಲೆ ಮುಗೀದೇ ಇದ್ದವನ್ನ ಅನ್‌ಡೂ ನೋಡ್ಕೊಂಡು ಒಂದೊಂದಾಗಿ ಹಿಂದಕ್ಕೆ ತಿರುಗಿಸುತ್ತೆ. ಅಲ್ಲಿ ನಿಜವಾಗ್ಲೂ ವಾಪಸ್ ಹಾಕೋ ಕೆಲಸ ಇದೆ, ಮಾಡೋದು ಹೊಸದಾಗಿ ಎದ್ದ ಸರ್ವರ್. SQLite ಇನ್ನೂ ಮಜಾ. ಮಾಮೂಲಿ ಮೋಡ್‌ನಲ್ಲಿ ಪುಟ ತಿದ್ದೋಕೆ ಮುಂಚೆ ಅದರ ಹಳೇ ಪ್ರತಿಯನ್ನ ಒಂದು ಜರ್ನಲ್ ಫೈಲ್‌ಗೆ ಹಾಕಿಡುತ್ತೆ, ಆ ಫೈಲ್ ಡಿಲೀಟ್ ಆದ ಕ್ಷಣವೇ ಕಮಿಟ್. ಜರ್ನಲ್ ಉಳ್ಕೊಂಡಿದ್ರೆ ಮುಂದಿನ ಸಲ ತೆರೆದವನು ಹಳೇ ಪುಟಗಳನ್ನ ವಾಪಸ್ ಹಾಕ್ತಾನೆ.

ಅರ್ಧರಾತ್ರಿ ಕೋಡರ್

ಅಯ್ಯೋ ಬಂತು! balance 9000, ಆದ್ರೆ xmax ಸೊನ್ನೆ ಇಲ್ಲ, ಒಂದು ನಂಬರ್ ಕೂತಿದೆ. ಅಂದ್ರೆ ತೆಗೆಯೋಕೆ ಬಂದವನ ಗುರುತು ಹಾಗೇ ಇದೆ, ಅವನ ಮಾತು ಮಾತ್ರ ನಡೆದಿಲ್ಲ. ಎಷ್ಟೋ ವರ್ಷದಿಂದ ಈ ಕಾಲಂ ಇರೋದೇ ಗೊತ್ತಿರ್ಲಿಲ್ಲ.

ಲೆಕ್ಕದಮ್ಮ

ನಾನು ಕೋಡ್ ಬರೆಯೋಳಲ್ಲ, ಅಕೌಂಟ್ಸ್‌ನವಳು, ಇಲ್ಲಿ ಸುಮ್ನೆ ಓದ್ತಿರ್ತೀನಿ. ಗಂಗಾಧರ ಅವರೇ, ನಿಮ್ಮದು ಬೇರೆ ಕಥೆ. ನಿಮ್ಮ ಬ್ಯಾಂಕು, ಅವರ ಬ್ಯಾಂಕು ಅಂತ ಎರಡು ಪುಸ್ತಕ ಅದು. ನಿಮ್ಮ ಬ್ಯಾಂಕ್ ತನ್ನ ಪುಸ್ತಕದಲ್ಲಿ ನಿಮ್ಮ ಖಾತೆಗೆ ಖರ್ಚು ಹಾಕಿ, ನಡುವಿನ ಒಂದು ಖಾತೆಗೆ ಜಮಾ ಮಾಡುತ್ತೆ. ಅದು ಪೂರ್ತಿ ಆಗಿದೆ, ಅರ್ಧ ಅಲ್ಲ. ದುಡ್ಡು ಆ ನಡುವಿನ ಖಾತೇಲಿ ಕಾಯ್ತಾ ಇತ್ತು. ಆ ಕಡೆಯವರು ತಗೊಂಡಿಲ್ಲ ಅಂತ ತಾಳೆ ನೋಡಿದಾಗ ಗೊತ್ತಾಗಿ ಎದುರು ಎಂಟ್ರಿ ಹಾಕಿ ವಾಪಸ್ ಕೊಟ್ಟಿದಾರೆ. ನಿಮ್ಮ ಸ್ಟೇಟ್‌ಮೆಂಟ್ ನೋಡಿ, ಕಟ್ ಆಗಿದ್ದು ಅಳಿಸಿರಲ್ಲ, ಅದೂ ಇರುತ್ತೆ, ವಾಪಸ್ ಬಂದಿದ್ದೂ ಇರುತ್ತೆ.

ಗಂಗಾಧರ ಗ್ರಾಹಕ

ಹೌದು ಎರಡು ಸಾಲು ಇದೆ ಮೇಡಂ. ಆದ್ರೂ ಮೂರು ದಿನ ಜಾಸ್ತಿನೇ.

ಜಾಲಿ ಮುಳ್ಳು

ಲೆಕ್ಕದಮ್ಮನವರು ನಮಗಿಂತ ಚೆನ್ನಾಗಿ ಹೇಳಿದ್ರು. ಒಂದು ಡೇಟಾಬೇಸ್‌ನ ಕಮಿಟ್ ಇನ್ನೊಬ್ಬರ ಡೇಟಾಬೇಸ್‌ಗೆ ಅನ್ವಯ ಆಗಲ್ಲ ಅಷ್ಟೆ. ರೋಲ್‌ಬ್ಯಾಕ್ ಅಂದ್ರೆ ನಡೆದೇ ಇಲ್ಲ, ರಿವರ್ಸಲ್ ಅಂದ್ರೆ ನಡೆದಿತ್ತು, ಅದಕ್ಕೆ ಎದುರಾಗಿ ಇನ್ನೊಂದು ನಡೀತು.

ಬೈಟು

ಸರಿ ನನ್ನದು ತಪ್ಪು ಒಪ್ಕೊಂಡೆ. ಈಗ ಎರಡನೇ ಪ್ರಶ್ನೆಗೆ ಬರೋಣ, 2000 ಎಲ್ಲೋಯ್ತು? ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದು ಗುದ್ದಾಡಿರ್ಬೇಕು ಅನ್ನೋಣ ಅಂದ್ರೆ ಟ್ರಾನ್ಸಾಕ್ಷನ್ ಹಾಕಿದ್ರೆ ಅದೂ ಆಗಲ್ಲ.

ಹಳೇ ಸರ್ವರ್

ಆಗುತ್ತೆ! ಬ್ಯಾಲೆನ್ಸ್ ಮೊದಲು SELECT ಮಾಡಿ, ಕೋಡ್‌ನಲ್ಲಿ 9000ದಿಂದ 2000 ಕಳೆದು, `SET balance = 7000` ಅಂತ ಬರೆಯೋರು ಇದಾರೆ. ಇಬ್ಬರು ಒಟ್ಟಿಗೆ ಬಂದು ಇಬ್ಬರೂ 9000 ಓದಿ ಇಬ್ಬರೂ 7000 ಬರೆದ್ರೆ ಎರಡು ಸಲ ಹೋಗ್ಬೇಕಾದ ದುಡ್ಡು ಒಂದೇ ಸಲ ಹೋಯ್ತು. ಎರಡೂ ಟ್ರಾನ್ಸಾಕ್ಷನ್ ಪೂರ್ತಿ ಆಗಿವೆ, ಅರ್ಧಂಬರ್ಧ ಯಾವುದೂ ಇಲ್ಲ, ಲೆಕ್ಕ ಮಾತ್ರ ತಪ್ಪು. ಪೋಸ್ಟ್‌ಗ್ರೆಸ್ ತಾನಾಗಿ ಕೊಡೋ ಮಟ್ಟದಲ್ಲಿ ಇದನ್ನ ಯಾರೂ ತಡೆಯಲ್ಲ. ಪೂರ್ತಿ ಆಗೋದು ಬೇರೆ, ಒಬ್ಬರ ಕಾಲಿಗೆ ಇನ್ನೊಬ್ಬರು ಸಿಗದೇ ಇರೋದು ಬೇರೆ.

ಆದ್ರೆ ಇವರ ಕೇಸ್ ಅದಲ್ಲ ಅನ್ಸುತ್ತೆ. ಇವರು `balance - 2000` ಅಂತ ಡೇಟಾಬೇಸ್‌ಗೇ ಕಳೆಯೋಕೆ ಹೇಳಿದಾರೆ, ಎರಡನೆಯವನು ಮೊದಲನೆಯವನು ಮುಗಿಸೋವರೆಗೂ ಕಾದು ಹೊಸ ಬೆಲೆ ಮೇಲೇ ಕಳೀತಾನೆ. ಅಲ್ಲದೆ ಆ ಗುದ್ದಾಟದಲ್ಲಿ ಕಳೆಯೋದು ತಪ್ಪಿದ್ರೆ ಒಟ್ಟು ಜಾಸ್ತಿ ಬರುತ್ತೆ, ಇವರಿಗೆ ಕಮ್ಮಿ ಬಂದಿದೆ. ಕೋಡರ್ ಅವರೇ, ಪ್ರತಿ UPDATE ಎಷ್ಟು ಸಾಲು ಮುಟ್ತು ಅಂತ ಪ್ರಿಂಟ್ ಮಾಡಿ ನೋಡಿ.

ಅರ್ಧರಾತ್ರಿ ಕೋಡರ್

ಅದನ್ನ ನಾನು ನೋಡೇ ಇರ್ಲಿಲ್ಲ, ಎರರ್ ಬಂದ್ರೆ catchಲಿ ROLLBACK ಅಂತ ಇಟ್ಟಿದ್ದೆ ಅಷ್ಟೆ. ಎಲ್ಲ ಖಾತೆಗೂ ಮತ್ತೆ ಓಡಿಸಿ ನೋಡ್ದೆ, ಒಂದು ಕಡೆ ಹೀಗೆ:

```
UPDATE 1
UPDATE 0
COMMIT
```

ತಗೊಳ್ಳೋ ಖಾತೆ ನಂಬರ್ 220. ಆ ನಂಬರ್ ಖಾತೆನೇ ಇಲ್ಲ!! 202 ಬದಲು 220 ಅಂತ ಟೆಸ್ಟ್ ಫೈಲ್‌ನಲ್ಲಿ ನಾನೇ ಹೊಡೆದಿದೀನಿ.

ಶಂಕೆ

😂 2000 ಆಕಾಶಕ್ಕೆ ಜಮಾ.

ಹಳೇ ಸರ್ವರ್

ನಗ್ಬೇಡಿ, ಕೆಲಸದಲ್ಲಿರೋರ ಕೋಡಲ್ಲೂ ಇದು ಸಿಗುತ್ತೆ. "220 ಇರೋ ಸಾಲುಗಳಿಗೆಲ್ಲ 2000 ಕೂಡಿಸು" ಅಂದ್ರಿ, ಅಂಥ ಸಾಲು ಸೊನ್ನೆ, ಸೊನ್ನೆಗೂ ಕೂಡಿಸ್ದೆ ಅಂತ ಅದು ಒಪ್ಪಿಸ್ತು. ಡೇಟಾಬೇಸ್ ಕಣ್ಣಲ್ಲಿ ಅದು ಎರರ್ ಅಲ್ಲ, ಹಾಗಾಗಿ ನಿಮ್ಮ catch ಏಳಲೇ ಇಲ್ಲ. ನೀವು ಹೇಳಿದ ಎರಡೂ ಕೆಲಸ ಪೂರ್ತಿ ಆಗಿ, ಪೂರ್ತಿ ಕಮಿಟ್ ಆಗಿದೆ. ಎರಡೂ ಕಡೆ ಒಂದೊಂದು ಸಾಲು ಮುಟ್ಟಿದ್ರೆ ಮಾತ್ರ COMMIT, ಇಲ್ಲಾಂದ್ರೆ ನೀವೇ ROLLBACK ಕೊಡಿ. ಕಳೆಯೋ ಕಡೆ `WHERE id = 101 AND balance >= 2000` ಅಂತ ಹಾಕಿದ್ರೆ ದುಡ್ಡು ಸಾಲದೇ ಇದ್ದಾಗ್ಲೂ ಅದೇ ಸೊನ್ನೆ ಸಿಗುತ್ತೆ, ಒಂದೇ ಪರೀಕ್ಷೆಲಿ ಎರಡೂ ಹಿಡಿದ ಹಾಗಾಯ್ತು.

ಜಾಲಿ ಮುಳ್ಳು

ನಾನಾದ್ರೆ `CHECK (balance >= 0)` ಟೇಬಲ್‌ಗೇ ಹಾಕ್ತೀನಿ. ಕೋಡ್ ಬರೆಯೋರು ಐದು ಜನ ಇರ್ತಾರೆ, ಒಬ್ಬ ಮರೀತಾನೆ. ಟೇಬಲ್ ಮರೆಯಲ್ಲ.

ಇನ್ನೊಂದು, MySQL ಬಳಸೋರಿಗೆ. ಪೋಸ್ಟ್‌ಗ್ರೆಸ್‌ನಲ್ಲಿ ಮಧ್ಯ ಒಂದು ಎರರ್ ಬಂದ್ರೆ ಇಡೀ ಟ್ರಾನ್ಸಾಕ್ಷನ್ ಕೆಟ್ಟಿತು ಅಂತ ಆಮೇಲೆ ಹೇಳಿದ್ದೇನೂ ಕೇಳಲ್ಲ, ನೀವು COMMIT ಅಂದ್ರೂ ROLLBACK ಅಂತಲೇ ಉತ್ತರ ಬರುತ್ತೆ. InnoDBಲಿ ಡೂಪ್ಲಿಕೇಟ್ ಕೀ ಥರದ ಎರರ್ ಬಂದ್ರೆ ಆ ಒಂದು ಹೇಳಿಕೆ ಮಾತ್ರ ರದ್ದು, ಮೊದಲು ಕಳೆದಿದ್ದು ಹಾಗೇ ಇರುತ್ತೆ, ಎರರ್ ನುಂಗ್ಕೊಂಡು COMMIT ಹೊಡೆದ್ರೆ ಅರ್ಧ ವ್ಯವಹಾರ ಗಟ್ಟಿ. ನಾನು ಕೆಲಸ ಮಾಡ್ತಿದ್ದ ಒಂದು ಕಡೆ ಇದೇ ಆಗಿತ್ತು, ಹುಡುಕೋಕೆ ಒಂದು ವಾರ ಹಿಡೀತು, ಯಾಕಂದ್ರೆ ಎಲ್ರೂ "ಟ್ರಾನ್ಸಾಕ್ಷನ್ ಇದೆಯಲ್ಲ" ಅಂತ ಆ ಜಾಗ ಬಿಟ್ಟು ಬೇರೆಲ್ಲ ಹುಡುಕ್ತಿದ್ವಿ.

ಬೈಟು

ಸಂಬಂಧ ಇಲ್ದೇ ಇರೋ ಪ್ರಶ್ನೆ. ರೋಲ್‌ಬ್ಯಾಕ್ ಆದ್ರೂ ನನ್ನ ಆಟೋ ನಂಬರ್ 55ರಿಂದ 57ಕ್ಕೆ ಹಾರುತ್ತೆ. ಎಲ್ಲಾನೂ ವಾಪಸ್ ಹೋಗ್ಬೇಕಿತ್ತಲ್ಲ?

ಜಾಲಿ ಮುಳ್ಳು

ಸೀಕ್ವೆನ್ಸ್ ವಾಪಸ್ ಹೋಗಲ್ಲ, ಬೇಕಂತಲೇ ಹಾಗೆ ಮಾಡಿರೋದು. ಹೋಗ್ಬೇಕಿದ್ರೆ ಒಬ್ಬ ಮುಗಿಸೋವರೆಗೂ ಉಳಿದೋರು ನಂಬರ್‌ಗೆ ಕಾಯ್ಬೇಕಾಗುತ್ತೆ. ಟ್ರಾನ್ಸಾಕ್ಷನ್ ಮಧ್ಯ ಕಳಿಸಿದ ಎಸ್‌ಎಂಎಸ್ ಕೂಡ ವಾಪಸ್ ಬರಲ್ಲ, ಅದನ್ನೂ ನೆನಪಿಟ್ಕೋ.

ಶಂಕೆ

ಹಳೇ ಸರ್ವರ್ ಅವರಿಗೆ ಇನ್ನೊಂದು. ಮೂರನೇ ಸಾಲು ಬಿತ್ತು, 741 ಮುಗೀತು. ಆದ್ರೆ "ಆಯ್ತು" ಅನ್ನೋ ಉತ್ತರ ನನ್ನ ಪ್ರೋಗ್ರಾಂಗೆ ಬರೋಕೆ ಮುಂಚೆ ನೆಟ್‌ವರ್ಕ್ ಹೋಯ್ತು. ಈಗ ನಾನು ಏನಂತ ತಿಳ್ಕೊಳ್ಳಲಿ?

ಹಳೇ ಸರ್ವರ್

ಏನೂ ತಿಳ್ಕೊಳ್ಳೋಕೆ ಆಗಲ್ಲ. ಆಗಿರ್ಬಹುದು, ಆಗದೇನೂ ಇರ್ಬಹುದು. ಡೇಟಾಬೇಸ್‌ಗೆ ಸಂದೇಹ ಇಲ್ಲ, ಸಂದೇಹ ಇರೋದು ನಿಮಗೆ. ಆಗಿಲ್ಲ ಅಂದ್ಕೊಂಡು ಮತ್ತೆ ಕಳಿಸಿದ್ರೆ 101ರಲ್ಲಿ 7000 ಇದ್ದಿದ್ದು 5000 ಆಗುತ್ತೆ. ಆಗಿದೆ ಅಂದ್ಕೊಂಡು ಸುಮ್ನೆ ಕೂತ್ರೆ ಹೋಗದೇ ಇರೋ ದುಡ್ಡನ್ನ ಹೋಗಿದೆ ಅಂತ ತೋರಿಸ್ತೀರಿ.

ಅದಕ್ಕೆ ಪ್ರತಿ ವರ್ಗಾವಣೆಗೆ ಒಂದು ಗುರುತಿನ ನಂಬರ್ ಮೊದಲೇ ಹುಟ್ಟಿಸ್ಕೊಂಡು, ಅದೇ ಟ್ರಾನ್ಸಾಕ್ಷನ್ ಒಳಗೆ ಮೊದಲ ಹೇಳಿಕೆಯಾಗಿ ಇನ್ನೊಂದು ಟೇಬಲ್‌ಗೆ ಹಾಕ್ಬೇಕು:

```
INSERT INTO transfers (id, from_acc, to_acc, amount)
VALUES ('t-9f31', 101, 202, 2000);
```

`id` ಪ್ರೈಮರಿ ಕೀ. ಉತ್ತರ ಬರ್ಲಿಲ್ವಾ, ಅದೇ `t-9f31` ಇಟ್ಕೊಂಡು ಇಡೀದನ್ನ ಮತ್ತೆ ಓಡಿಸಿ. ಹಿಂದೆ ಆಗಿದ್ರೆ ಡೂಪ್ಲಿಕೇಟ್ ಕೀ ಅಂತ ಒದೆಯುತ್ತೆ, ಅಂದ್ರೆ ದುಡ್ಡು ಹೋಗಿದೆ ಅಂತಲೇ ಅರ್ಥ, ROLLBACK ಕೊಟ್ಟು "ಆಯ್ತು" ಅಂತ ತೋರಿಸಿ. ಆಗಿರ್ಲಿಲ್ಲ ಅಂದ್ರೆ ಈಗ ಆಗುತ್ತೆ. ಆ ಸಾಲು ಮತ್ತು ಎರಡು ಬ್ಯಾಲೆನ್ಸ್ ಒಟ್ಟಿಗೇ ಇರೋದ್ರಿಂದ ಒಂದನ್ನ ನೋಡಿದ್ರೆ ಉಳಿದಿದ್ದೂ ಗೊತ್ತಾಗುತ್ತೆ. ಒಂದೇ ಎಚ್ಚರ, ಆ ನಂಬರ್ ಬಳಕೆದಾರ ಬಟನ್ ಒತ್ತಿದಾಗ ಹುಟ್ಬೇಕು. ಪ್ರತಿ ರೀಟ್ರೈಗೆ ಹೊಸ ನಂಬರ್ ಹುಟ್ಟಿಸಿದ್ರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ಲೆಕ್ಕದಮ್ಮ

ಆ ಎರಡನೇ ಟೇಬಲ್ ನಮ್ಮ ಡೇ ಬುಕ್ ಥರಾನೇ ಇದೆ. ಅದಿದ್ದ ಮೇಲೆ ಖಾತೆ ಟೇಬಲ್‌ನಲ್ಲಿ ಬ್ಯಾಲೆನ್ಸ್ ಅಂತ ಒಂದು ಕಾಲಂ ಯಾಕೆ ಇಟ್ಕೊಂಡಿದೀರಿ? ಎಂಟ್ರಿಗಳನ್ನ ಕೂಡಿದ್ರೆ ಬ್ಯಾಲೆನ್ಸ್ ತಾನೇ ಬರುತ್ತಲ್ಲ. 220 ಅನ್ನೋ ಖಾತೆ ಇಲ್ಲ ಅನ್ನೋದೂ ಎಂಟ್ರಿ ಹಾಕುವಾಗಲೇ ಸಿಕ್ಕಿಬೀಳ್ತಿತ್ತು.

ಜಾಲಿ ಮುಳ್ಳು

ಫಾರಿನ್ ಕೀ ಹಾಕಿದ್ರೆ ಸಿಕ್ಕಿಬೀಳ್ತಿತ್ತು, ಅದು ನಿಜ ಮೇಡಂ. ಆದ್ರೆ ಲಕ್ಷಗಟ್ಟಲೆ ಎಂಟ್ರಿ ಇರೋ ಖಾತೆಗೆ ಪ್ರತಿಸಲ ಕೂಡ್ತಾ ಕೂತ್ರೆ ಆಗಲ್ಲ, ಬ್ಯಾಲೆನ್ಸ್ ಸಾಕಾಗುತ್ತಾ ಅಂತ ನೋಡೋಕೇ ಸಾಕಾಗಿಹೋಗುತ್ತೆ.

ಲೆಕ್ಕದಮ್ಮ

ನಾವೂ ಹಾಗೆ ಕೂಡಲ್ಲ. ವರ್ಷದ ಕೊನೇಲಿ ಶಿಲ್ಕು ಮುಂದಕ್ಕೆ ತಗೊಂಡು ಹೋಗ್ತೀವಿ, ಅಲ್ಲಿಂದ ಈಚೆಗೆ ಮಾತ್ರ ಕೂಡೋದು. ನಿಮಗೆ ದಿನಾ ಬೇಕಿದ್ರೆ ದಿನಾ ತಗೊಂಡು ಹೋಗಿ.

ಹಳೇ ಸರ್ವರ್

ಎರಡನ್ನೂ ಇಟ್ಟು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೀರಿ ಅಂತೀನಿ ನಾನು. ರಾತ್ರಿ ಒಂದ್ಸಲ ತಾಳೆ ನೋಡಿ.

ಜಾಲಿ ಮುಳ್ಳು

ಎರಡು ಕಡೆ ಒಂದೇ ವಿಷಯ ಇಟ್ರೆ ಒಂದಲ್ಲ ಒಂದಿನ ಎರಡೂ ಬೇರೆ ಬೇರೆ ಹೇಳುತ್ತೆ, ಆಗ ಯಾವುದನ್ನ ನಂಬ್ತೀರಿ?

ಲೆಕ್ಕದಮ್ಮ

ಎಂಟ್ರಿನ.

ಅರ್ಧರಾತ್ರಿ ಕೋಡರ್

ನೀವು ಜಗಳ ಮುಂದುವರ್ಸಿ, ನಾನು ಸಾಲಿನ ಲೆಕ್ಕ ನೋಡಿ ROLLBACK ಕೊಡೋದು ಹಾಕ್ದೆ, 220ಕ್ಕೆ ಕಳಿಸಿ ನೋಡ್ದೆ, 101ರಲ್ಲಿ ಒಂದು ಪೈಸೆನೂ ಅಲ್ಲಾಡ್ಲಿಲ್ಲ. ಈಗ `transfers` ಟೇಬಲ್ ಮಾಡ್ತಿದೀನಿ. ಆದ್ರೆ ಒಂದು ಡೌಟು, ಖಾತೆ ಇಲ್ಲ ಅಂತ ರೋಲ್‌ಬ್ಯಾಕ್ ಮಾಡಿದಾಗ `t-9f31` ಸಾಲೂ ಅದರ ಜೊತೆಗೇ ಹೋಗ್ಬಿಡುತ್ತಲ್ಲ, ಹಾಗಾದ್ರೆ ಫೇಲ್ ಆಗಿದ್ದರ ದಾಖಲೆ ಎಲ್ಲಿಡೋದು?

ಹಳೇ ಸರ್ವರ್

ರೋಲ್‌ಬ್ಯಾಕ್ ಆದ್ಮೇಲೆ ಬೇರೆ ಟ್ರಾನ್ಸಾಕ್ಷನ್‌ನಲ್ಲಿ, ಬೇರೆ ಟೇಬಲ್‌ಗೆ. ಅದನ್ನ ಬರೆಯೋ ಮುಂಚೆ ಪ್ರೋಗ್ರಾಂ ಸತ್ರೆ ದಾಖಲೆ ಇರಲ್ಲ, ದುಡ್ಡು ಮಾತ್ರ ಸರಿಯಾಗಿರುತ್ತೆ.

ಶಂಕೆ

ಅದೂ ಬೇಕು ಅಂದ್ರೆ?